ಹೊಡೆಯಲು ಬಾರದ ಒಂಟೆ

1910ರಲ್ಲಿ ವಿಯೆನ್ನಾದಲ್ಲಿ ರಿಚರ್ಡ್ ರೇಟಿ ಮತ್ತು ಟಾರ್ಟಕೋವರ್ ಆಡಿದ ಒಂದು ಚೆಸ್ ಆಟ ಹನ್ನೊಂದೇ ನಡೆಗೆ ಮುಗಿಯಿತು. ಬಿಳಿ ಕಾಯಿ ಹಿಡಿದಿದ್ದ ರೇಟಿಗೆ ಆಗ ಇಪ್ಪತ್ತರ ಆಸುಪಾಸು. ಗೆಲುವು ತಂದದ್ದು ಡಬಲ್ ಚೆಕ್. ಆದರೆ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಹಲಗೆಯ ಮೇಲೆ ಆಗಲೇ ಕೂಡಿಬಿಟ್ಟಿತ್ತು. ಅದು ಹೇಗೆ ಕೂಡಿತು ಎಂಬುದನ್ನು ನೋಡಿದರೆ ಈ ತಂತ್ರದ ಗುಟ್ಟು ಸಿಗುತ್ತದೆ.

ಮೊದಲು ಇದರ ಸರಳ ರೂಪ. ಹಿಂದೆ ನಿಂತ ಆನೆ, ಒಂಟೆ ಅಥವಾ ರಾಣಿಯ ದಾರಿಯನ್ನು ನಮ್ಮದೇ ಕಾಯಿಯೊಂದು ಮುಚ್ಚಿಕೊಂಡಿರುತ್ತದೆ. ಅದು ಸರಿದ ಕೂಡಲೇ ಹಿಂದಿನ ಕಾಯಿಯ ಏಟು ಎದುರಾಳಿಗೆ ತಗಲುತ್ತದೆ. ಇದೇ ಡಿಸ್ಕವರ್ಡ್ ಅಟ್ಯಾಕ್. ಪೆಟ್ರೋವ್ ಆರಂಭದಲ್ಲಿ ಹೊಸಬರು ಬೀಳುವ ಹಳ್ಳವೊಂದಿದೆ. ಎರಡೂ ಕಡೆಯವರು ಇ ಸಾಲಿನ ಪದಾತಿಯನ್ನು ಎರಡು ಮನೆ ಮುಂದಿಟ್ಟು ಕುದುರೆ ಹೊರಡಿಸುತ್ತಾರೆ. ಬಿಳಿ ಕುದುರೆ ಇ5ರ ಪದಾತಿಯನ್ನು ಹೊಡೆದರೆ ಕಪ್ಪು ಕುದುರೆ ಇ4ರದನ್ನು ಹೊಡೆಯುತ್ತದೆ. ಬಿಳಿ ರಾಣಿ ಇ2ಕ್ಕೆ ಬಂದಾಗ ಕಪ್ಪು ಕುದುರೆ ಹೆದರಿ ಎಫ್6ಕ್ಕೆ ಹಿಂತಿರುಗಿತೆನ್ನಿ. ಬಿಳಿ ಕುದುರೆ ಸಿ6ಕ್ಕೆ ಹಾರುತ್ತದೆ. ಇ ಸಾಲು ತೆರೆದು ರಾಣಿ ಚೆಕ್ ಕೊಡುತ್ತಾಳೆ, ಕುದುರೆ ಕಪ್ಪು ರಾಣಿಯನ್ನು ಹಿಡಿಯುತ್ತದೆ. ಚೆಕ್ ತಪ್ಪಿಸುವುದರೊಳಗೆ ರಾಣಿ ಹೋದಳು.

ಸರಿದ ಕಾಯಿಯೂ ತಾನೇ ಚೆಕ್ ಕೊಟ್ಟರೆ ಅದು ಡಬಲ್ ಚೆಕ್. ಸಾಮಾನ್ಯ ಚೆಕ್ಕಿಗೆ ಮೂರು ಉತ್ತರಗಳಿವೆ: ಹೊಡೆಯುವುದು, ಅಡ್ಡ ಇಡುವುದು, ರಾಜ ಓಡುವುದು. ಎರಡು ಕಡೆಯಿಂದ ಚೆಕ್ ಬಿದ್ದಾಗ ಮೊದಲೆರಡಕ್ಕೆ ಬೆಲೆಯಿಲ್ಲ. ಒಂದನ್ನು ತಡೆದರೆ ಇನ್ನೊಂದು ಉಳಿದೇ ಇರುತ್ತದೆ. ರಾಜನೇ ಕದಲಬೇಕು.

ವಿಯೆನ್ನಾದ ಆಟಕ್ಕೆ ಬರೋಣ. ಎಂಟು ನಡೆ ಮುಗಿದಾಗ ಬಿಳಿಯ ಆನೆ ಡಿ1ರಲ್ಲಿ, ಒಂಟೆ ಡಿ2ರಲ್ಲಿ, ರಾಣಿ ಡಿ3ರಲ್ಲಿ, ಒಂದರ ಹಿಂದೊಂದು. ಅಲ್ಲಿಂದ ಡಿ8ರವರೆಗೆ ಸಾಲು ಖಾಲಿ. ಕಪ್ಪು ರಾಜ ಮಾತ್ರ ಇ8ರಲ್ಲಿ, ಒಂದು ಮನೆ ಪಕ್ಕಕ್ಕೆ. ಟಾರ್ಟಕೋವರ್ ಆಗಷ್ಟೇ ಎಫ್6ರ ಕುದುರೆಯಿಂದ ಇ4ರ ಬಿಳಿ ಕುದುರೆಯನ್ನು ಹೊಡೆದಿದ್ದರು. ಲಾಭದ ನಡೆಯಂತೆ ಕಂಡರೂ ಅದರಿಂದ ಎಫ್6 ಖಾಲಿಯಾಗಿ, ಜಿ5ರಿಂದ ಡಿ8ಕ್ಕೆ ಹೋಗುವ ಓರೆ ದಾರಿ ತೆರೆದುಕೊಂಡಿತು.

ರೇಟಿ ರಾಣಿಯನ್ನು ಡಿ8ಕ್ಕೆ ನೂಕಿ ಚೆಕ್ ಎಂದರು. ರಾಜ ಆಕೆಯನ್ನು ಹೊಡೆಯದೆ ಬೇರೆ ದಾರಿಯಿಲ್ಲ. ಹೊಡೆದ ಮೇಲೆ ಒಂಟೆ ಡಿ2ರಿಂದ ಜಿ5ಕ್ಕೆ ಹೋಯಿತು: ಒಂಟೆಯದೂ ಚೆಕ್, ಹಿಂದಿನ ಆನೆಯದೂ ಚೆಕ್. ನನಗೆ ಈ ಆಟದಲ್ಲಿ ಬಹಳ ಹಿಡಿಸುವುದು ಇದೇ ಘಳಿಗೆ. ಜಿ5ರ ಒಂಟೆಯನ್ನು ಕಪ್ಪು ರಾಣಿ ಹೊಡೆಯಬಹುದಾಗಿತ್ತು, ಕುದುರೆಯೂ ಹೊಡೆಯಬಹುದಾಗಿತ್ತು. ಆದರೆ ಆನೆಯ ಚೆಕ್ ಉಳಿಯುವುದರಿಂದ ಎರಡೂ ನಿಯಮಬಾಹಿರ. ರಾಜ ಇ8ಕ್ಕೆ ಮರಳಿದರೆ ಆನೆ ಡಿ8ಕ್ಕೆ ಬಂದು ಚೆಕ್‌ಮೇಟ್. ಸಿ7ಕ್ಕೆ ಹೋದರೆ ಒಂಟೆ ಡಿ8ಕ್ಕೆ ಬಂದು ಚೆಕ್‌ಮೇಟ್.

ಸಿ7ರಿಂದ ರಾಜ ಏಕೆ ತಪ್ಪಿಸಿಕೊಳ್ಳಲಾರ? ಡಿ ಸಾಲನ್ನು ಆನೆ ಕಾಯುತ್ತಿದೆ, ಬಿ6 ಒಂಟೆಯ ದಾರಿಯಲ್ಲಿದೆ. ಉಳಿದ ಬಾಗಿಲುಗಳಲ್ಲಿ ಅವನದೇ ಕಾಯಿಗಳು: ಬಿ8ರ ಕುದುರೆ, ಸಿ8ರ ಒಂಟೆ, ಬಿ7 ಮತ್ತು ಸಿ6ರ ಪದಾತಿಗಳು. ಸಿ6ರದು ಕಪ್ಪಿನ ಮೊಟ್ಟಮೊದಲ ನಡೆ!

ಉಪಾಯ ರೇಟಿಯ ಸ್ವಂತದ್ದಲ್ಲ. 1852ರಲ್ಲಿ ಬರ್ಲಿನ್‌ನಲ್ಲಿ ಆಂಡರ್ಸನ್ ಅವರು ದುಫ್ರೇನ್ ವಿರುದ್ಧ ರಾಣಿಯನ್ನು ಡಿ7ರಲ್ಲಿ ಬಲಿಕೊಟ್ಟು ರಾಜನನ್ನು ಡಿ ಸಾಲಿಗೆ ಎಳೆದಿದ್ದರು. ಬಳಿಕ ಒಂಟೆ ಎಫ್5ಕ್ಕೆ ಸರಿದು ಡಿ1ರ ಆನೆಗೆ ದಾರಿ ಬಿಟ್ಟಿತು. ಅಲ್ಲೂ ಡಬಲ್ ಚೆಕ್, ಅಲ್ಲೂ ಮೇಟ್. 'ಎವರ್‌ಗ್ರೀನ್' ಎಂದು ಹೆಸರಾದ ಆಟ ಅದು.

ಎರಡೂ ಆಟಗಳಲ್ಲಿ ಯೋಚನೆ ಹಿಂದಿನಿಂದ ಮುಂದಕ್ಕೆ ನಡೆದಿದೆ. ಹಿಂದೆ ಆನೆ, ಮುಂದೆ ಒಂಟೆ ಇವೆಯೇ ಎಂದು ಮೊದಲು ನೋಡಬೇಕು. ರಾಜ ಯಾವ ಮನೆಯಲ್ಲಿ ನಿಂತರೆ ಎರಡರ ಏಟೂ ಒಟ್ಟಿಗೆ ಬೀಳುತ್ತದೆ ಎಂದು ಆಮೇಲೆ ಹುಡುಕಬೇಕು. ಕೊನೆಗೆ ಅವನನ್ನು ಅಲ್ಲಿಗೆ ಎಳೆಯಲು ಬಲಿ. ಬಲಿಗೆ ಮುಂಚೆ ರಾಜನ ಸುತ್ತಲ ಮನೆಗಳನ್ನು ಒಂದೊಂದಾಗಿ ಎಣಿಸದಿದ್ದರೆ ರಾಣಿ ಸುಮ್ಮನೆ ಹೋಗುತ್ತಾಳೆ. ಡಬಲ್ ಚೆಕ್ ರಾಜನನ್ನು ಓಡಿಸುತ್ತದೆಯೇ ಹೊರತು ಹಿಡಿಯುವ ಭರವಸೆ ಕೊಡುವುದಿಲ್ಲ.

ಪರೀಕ್ಷಿಸಿ ನೋಡಬೇಕೆ? ರೇಟಿಯ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿ, ಕಪ್ಪಿನ ಬಿ7 ಪದಾತಿಯನ್ನು ಬಿ5ಕ್ಕೆ ಸರಿಸಿ, ಅದೇ ನಡೆಗಳನ್ನು ಆಡಿ. ಸಿ7ರ ರಾಜ ಎಲ್ಲಿಗೆ ಹೋಗುತ್ತಾನೆ ಎಂದು ನೀವೇ ಹುಡುಕಿ.