ವೆನಿಲ್ಲಾಕ್ಕೆ 29 ಬೆಲೆ, ಕೈಬಿಡಲೊಲ್ಲದ ಸ್ಪ್ರೆಡ್‌ಶೀಟ್

1990ರ ದಶಕದ ಕೊನೆಯಲ್ಲಿ ನೆಸ್ಲೆ ಕಂಪನಿಯ ಅಮೆರಿಕ ವಿಭಾಗ ತನ್ನ ಖರೀದಿ ಲೆಕ್ಕ ಬಿಚ್ಚಿ ನೋಡಿತು. ಒಬ್ಬನೇ ಪೂರೈಕೆದಾರನ ವೆನಿಲ್ಲಾಕ್ಕೆ ಅದರ ಘಟಕಗಳು ಒಟ್ಟು 29 ಬಗೆಯ ಬೆಲೆ ತೆರುತ್ತಿದ್ದವು! ಒಂದೊಂದು ಘಟಕವೂ ಅದೇ ಸರಕನ್ನು ಒಂದೊಂದು ಹೆಸರಿನಲ್ಲಿ ಬರೆದುಕೊಳ್ಳುತ್ತಿದ್ದುದರಿಂದ ಹೋಲಿಸಿ ನೋಡುವ ದಾರಿಯೇ ಇರಲಿಲ್ಲ. ಖರೀದಿ, ದಾಸ್ತಾನು, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ತಂತ್ರಾಂಶದಡಿ ತರುವ ಇಆರ್‌ಪಿ ಬೇಕು ಎಂಬ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪಿದ್ದು ಬೇರೆ ಕಡೆ. ಯೋಜನೆ ರೂಪಿಸಿದ ಮುಖ್ಯ ತಂಡದಲ್ಲಿ ಹಿರಿಯ ಅಧಿಕಾರಿಗಳಿದ್ದರು. ನಾಳೆಯಿಂದ ಅದರ ಮುಂದೆ ಕೂತು ಕೆಲಸ ಮಾಡಬೇಕಾದ ವಿಭಾಗಗಳವರು ಇರಲಿಲ್ಲ. 2000ದ ಹೊತ್ತಿಗೆ ಅಸಮಾಧಾನ ಬಂಡಾಯದ ಮಟ್ಟ ಮುಟ್ಟಿತು. ಬೇಡಿಕೆಯ ಅಂದಾಜು ಹಾಕುತ್ತಿದ್ದ ಸಿಬ್ಬಂದಿಯಲ್ಲಿ ಕೆಲಸ ಬಿಟ್ಟುಹೋಗುವವರ ಪ್ರಮಾಣ ಶೇ. 77ಕ್ಕೇರಿತು. ಉಳಿದ ಯೋಜಕರು ಕೈಗೆ ಪಳಗಿದ ಸ್ಪ್ರೆಡ್‌ಶೀಟ್ ಬಿಡಲು ಒಪ್ಪಲಿಲ್ಲ. ಜೂನ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಬೇಕಾಯಿತು.

ಇಂಥದ್ದನ್ನು ಕಂಡಾಗ "ಹಳಬರಿಗೆ ಕಂಪ್ಯೂಟರ್ ಅಂದರೆ ಭಯ" ಎಂದುಬಿಡುವುದು ಸುಲಭ. ಆದರೆ ಸ್ಪ್ರೆಡ್‌ಶೀಟ್‌ನಲ್ಲಿ ಪಳಗಿದವರಿಗೆ ಕಂಪ್ಯೂಟರ್ ಭಯ ಎಲ್ಲಿಂದ ಬರಬೇಕು?

ಸಾಮಾನ್ಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಅರ್ಧ ದಿನ ನಿಂತರೆ ನಿಜವಾದ ಕಾರಣ ಕಾಣುತ್ತದೆ. ಬೆಳಿಗ್ಗೆ ಲಾರಿ ಬರುತ್ತದೆ, ಮೇಲೆ ಮಷಿನ್ ನಿಂತಿದೆ, ಸೂಪರ್‌ವೈಸರ್ ಅವಸರ ಮಾಡುತ್ತಾರೆ. ಸ್ಟೋರ್‌ಕೀಪರ್ ಮಾಲು ಒಳಗೆ ಕಳಿಸಿ, ಸಂಜೆ ಪುರುಸೊತ್ತಾದಾಗ ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ. ಇಆರ್‌ಪಿ ಬಂದ ಮೇಲೆ ಈ ಆಟ ನಡೆಯದು. ಖರೀದಿ ಆದೇಶ ಇಲ್ಲದಿದ್ದರೆ ಮಾಲು ಬಂದದ್ದನ್ನು ದಾಖಲಿಸಲಾಗದು, ದಾಖಲಾಗದ ಮಾಲನ್ನು ಒಳಗೆ ಕೊಡಲಾಗದು. ಆದೇಶದಲ್ಲಿ 500 ಕಿಲೋ ಇದ್ದು ಲಾರಿಯಲ್ಲಿ 520 ಬಂದರೆ, ಹೆಚ್ಚುವರಿಗೆ ಮಿತಿ ನಿಗದಿಯಾಗದಿದ್ದಲ್ಲಿ ಪರದೆ ಕೆಂಪು ಸಂದೇಶ ತೋರಿಸಿ ನಿಂತುಬಿಡುತ್ತದೆ. ಬೈಗುಳ ತಿನ್ನುವವರು ಸ್ಟೋರ್‌ಕೀಪರ್. ಬಿಲ್ಲಿಗೂ ಮಾಲಿಗೂ ತಾಳೆಯಾಗಿ ನೆಮ್ಮದಿಯಾಗುವುದು ಅಕೌಂಟ್ಸ್ ವಿಭಾಗಕ್ಕೆ. ದುಡಿಮೆ ಒಬ್ಬರದು, ಲಾಭ ಇನ್ನೊಬ್ಬರದು. ಜೊತೆಗೆ, ಯಾವ ಮಾಲು ಎಲ್ಲಿದೆ ಎಂದು ಎಲ್ಲರೂ ಬಂದು ಕೇಳುತ್ತಿದ್ದ ಮನುಷ್ಯನ ಮಹತ್ವವೂ ಹೋಯಿತು. ಪ್ರತಿರೋಧದ ಬೇರು ಇಲ್ಲಿದೆ.

ಹೀಗಿರುವಾಗ ಚಾಲನೆಗೆ ಮೂರು ತಿಂಗಳು ಮುಂಚೆ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ, ಎರಡು ದಿನ ಸ್ಲೈಡ್ ತೋರಿಸಿ, ಹಾಜರಿ ಹಾಕಿಸಿಕೊಂಡರೆ ಏನೂ ಉಳಿಯುವುದಿಲ್ಲ. ಕೈಯಿಂದ ಮಾಡದ್ದು ಚಾಲನೆಯ ದಿನದ ಹೊತ್ತಿಗೆ ಮರೆತಿರುತ್ತದೆ.

ಹಂತದ ತರಬೇತಿ ಪರದೆಯಿಂದ ಶುರುವಾಗುವುದೇ ಇಲ್ಲ. ಸ್ಟೋರ್‌ಕೀಪರ್ ಇವತ್ತು ಮಾಡುವ ಕೆಲಸದ ಪಕ್ಕದಲ್ಲಿ ನಾಳೆಯದನ್ನು ಬರೆದಿಟ್ಟು, ಯಾವುದು ಬಿಟ್ಟುಹೋಗುತ್ತದೆ, ಯಾವುದು ಹೆಚ್ಚಾಗುತ್ತದೆ ಎಂದು ಮೊದಲು ಮಾತಾಡಿಕೊಳ್ಳುತ್ತಾರೆ. ಆ 20 ಕಿಲೋ ಪ್ರಶ್ನೆ ಇಲ್ಲೇ ಎದ್ದರೆ, ಎಷ್ಟರವರೆಗೆ ಹೆಚ್ಚು ಮಾಲು ತೆಗೆದುಕೊಳ್ಳಬಹುದು ಎಂಬ ಮಿತಿಯನ್ನು ಮೊದಲೇ ನಿಗದಿ ಮಾಡಿಡಬಹುದು. ಆಮೇಲೆ ಪ್ರತಿ ವಿಭಾಗದಿಂದ ಒಬ್ಬಿಬ್ಬರನ್ನು ಆರಿಸಿ ಆಳವಾಗಿ ಕಲಿಸುತ್ತಾರೆ. ಇವರನ್ನು ಕೀ ಯೂಸರ್ ಎನ್ನುತ್ತಾರೆ. ಮ್ಯಾನೇಜರ್‌ಗೆ ಹತ್ತಿರದವರಿಗಿಂತ ಉಳಿದವರು ಅನುಮಾನ ಬಂದಾಗ ಹೋಗಿ ಕೇಳುವಂಥವರನ್ನು ಆರಿಸುವುದೇ ಜಾಣತನ. ಅವರು ಗೊಣಗುವವರಾದರೂ ಚಿಂತೆಯಿಲ್ಲ.

ಉಳಿದವರ ಸರದಿ ಚಾಲನೆಗೆ ಎರಡು ಮೂರು ವಾರ ಇರುವಾಗ. ಅಭ್ಯಾಸಕ್ಕೆಂದೇ ಇಟ್ಟ ಪ್ರತ್ಯೇಕ ವ್ಯವಸ್ಥೆಯಲ್ಲಿ, ತಮ್ಮದೇ ಕಾರ್ಖಾನೆಯ ಮಾಲಿನ ಹೆಸರು, ತಮ್ಮದೇ ಪೂರೈಕೆದಾರರನ್ನು ಇಟ್ಟುಕೊಂಡು ಮಾಡಿ ನೋಡುತ್ತಾರೆ. ತಪ್ಪು ಮಾಲು ಬಂದರೆ? ಅರ್ಧ ಮಾಲು ವಾಪಸಾದರೆ? ಸರಿಯಾದ ದಾರಿಗಿಂತ ತಪ್ಪಿದಾಗ ತಿದ್ದುವ ದಾರಿಗೆ ಹೆಚ್ಚು ಸಮಯ ಕೊಡಬೇಕು. ಭಯ ಬಿಡುವುದು ಅಲ್ಲೇ. ಚಾಲನೆಯ ಮೊದಲ ವಾರಗಳಲ್ಲಿ ಕೀ ಯೂಸರ್‌ಗಳು ಬೇರೆ ಕೆಲಸವಿಲ್ಲದೆ ಪಕ್ಕದಲ್ಲಿರುತ್ತಾರೆ. ಮೊದಲ ತಿಂಗಳ ಲೆಕ್ಕ ಮುಗಿದ ಮೇಲೆ ಇನ್ನೊಂದು ಸುತ್ತು ತರಬೇತಿ. ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಜನಕ್ಕೆ ಆಗ ಗೊತ್ತಾಗಿರುತ್ತದೆ.

ನೆಸ್ಲೆಯವರೂ ಎರಡನೇ ಸಲ ಇದೇ ದಿಕ್ಕಿಗೆ ಬಂದರು. ಬಾಧಿತ ವಿಭಾಗಗಳ ಮುಖ್ಯಸ್ಥರನ್ನು ಜೊತೆಗಿಟ್ಟುಕೊಂಡರು, ನೌಕರರು ಬದಲಾವಣೆಯನ್ನು ಹೇಗೆ ನಿಭಾಯಿಸುತ್ತಿದ್ದಾರೆಂದು ಆಗಾಗ ಸಮೀಕ್ಷೆ ಮಾಡಿದರು. ಉತ್ಪಾದನಾ ವಿಭಾಗದ ಜನ ಇನ್ನೂ ತಯಾರಿಲ್ಲ ಎಂದು ಗೊತ್ತಾದಾಗ ಆ ಭಾಗದ ಚಾಲನೆಯನ್ನು ಆರು ತಿಂಗಳು ಮುಂದೂಡಿದರು. ತರಬೇತಿ ವೇಳಾಪಟ್ಟಿಗೆ ಚಾಲನೆಯ ದಿನಾಂಕವನ್ನೇ ತಡೆಯುವ ಅಧಿಕಾರ ಕೊಡುವ ಕಂಪನಿಗಳು ಕಡಿಮೆ.

ತರಬೇತಿ ನಾಟಿತೋ ಇಲ್ಲವೋ ಎಂದು ತಿಳಿಯಲು ಹಾಜರಿ ಪುಸ್ತಕ ನೋಡಿ ಫಲವಿಲ್ಲ. ಮೇಜಿನ ಮೇಲೆ ಹಳೆಯ ರಿಜಿಸ್ಟರ್ ಇನ್ನೂ ತೆರೆದಿದೆಯೇ, ಇಡೀ ದಿನದ ನಮೂದು ಸಂಜೆ ಒಟ್ಟಿಗೆ ಬೀಳುತ್ತಿದೆಯೇ, ಒಂದೇ ಪಾಸ್‌ವರ್ಡ್‌ನಲ್ಲಿ ಮೂವರು ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಹೌದಾದರೆ ಮೊದಲು ದಾಸ್ತಾನಿನ ಅಂಕಿ ಪರಿಶೀಲಿಸಬೇಕು. ಪರದೆಯಲ್ಲಿ ತೋರಿಸುವ ದಾಸ್ತಾನೇ ತಪ್ಪಾಗಿದ್ದರೆ ಸ್ಟೋರ್‌ಕೀಪರ್ ತಮ್ಮ ರಿಜಿಸ್ಟರ್ ನಂಬುವುದು ಸರಿಯೇ, ಅದನ್ನು ಯಾವ ತರಬೇತಿಯೂ ಬಿಡಿಸಲಾರದು.