ಕಾಲೇಜಿಗೆ ಹಣ ಕಟ್ಟುವ ಮುನ್ನ ಒಂದು ಹಾಳೆ

ಪಿಯುಸಿ ಫಲಿತಾಂಶ ಬಂದ ವಾರದಿಂದ ನಮ್ಮ ಕಡೆ ಬಸ್ ನಿಲ್ದಾಣಗಳ ಗೋಡೆಗಳೆಲ್ಲ ಕಾಲೇಜುಗಳ ಬಣ್ಣದ ಹಾಳೆಗಳಿಂದ ತುಂಬಿಹೋಗುತ್ತವೆ. ಕೊಪ್ಪಳದಲ್ಲೂ ಹಾಗೆ, ಗಂಗಾವತಿಯಲ್ಲೂ ಹಾಗೆ. ಕುಷ್ಟಗಿ, ಯಲಬುರ್ಗಾದಂಥ ಊರಿನ ಮನೆಗಳಿಗೆ ಫೋನ್ ಕೂಡ ಬರುತ್ತವೆ: "ಸೀಟು ಕಡಿಮೆ ಅದಾವ್ರಿ, ಇವತ್ತೇ ಐದು ಸಾವಿರ ಹಾಕಿ ಹಿಡಕೊಳ್ರಿ." ಮಗ, ಸೊಸೆ ಹೊಲ, ಅಂಗಡಿ, ನೌಕರಿ ಅಂತ ಓಡಾಡುತ್ತಿದ್ದರೆ ಕಾಲೇಜು ನೋಡಿ ಬರುವ ಕೆಲಸ ಎಷ್ಟೋ ಮನೆಗಳಲ್ಲಿ ಅಜ್ಜನ ಪಾಲಿಗೇ ಬೀಳುತ್ತದೆ. ನನ್ನ ಪಾಲಿಗೂ ಬಿತ್ತು. ಮೂವತ್ತು ವರ್ಷ ಲೆಕ್ಕದ ಪುಸ್ತಕ ಬರೆದು ನಿವೃತ್ತನಾದವನು ನಾನು. ಮೊಮ್ಮಗಳಿಗೆ ಬಿಸಿಎ ಓದುವ ಆಸೆ. ಇಬ್ಬರೂ ನಾಲ್ಕು ಕಾಲೇಜು ಸುತ್ತಿದೆವು. ಅದರಲ್ಲಿ ನಮ್ಮ ಜಿಲ್ಲೆಯದೇ ಒಂದು ಖಾಸಗಿ ಕಾಲೇಜಿನ ಲೆಕ್ಕವನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. ಹೆಸರು ಬೇಡ. ಇಂಥ ಲೆಕ್ಕ ಅದೊಂದೇ ಕಾಲೇಜಿನದಲ್ಲ.

ಅಲ್ಲಿನ ಗುಮಾಸ್ತರು ಬಾಯಲ್ಲಿ ಹೇಳಿದ್ದು ವರ್ಷಕ್ಕೆ 32,000 ರೂಪಾಯಿ. ಮೂರು ವರ್ಷಕ್ಕೆ 96,000. ನಮ್ಮಲ್ಲಿ ಬಹಳ ಜನ ಇಷ್ಟು ಕೇಳಿ, ಮನಸ್ಸಿನಲ್ಲೇ ಗುಣಿಸಿ, ಹೂಂ ಎಂದು ಎದ್ದು ಬರುತ್ತಾರೆ. ನಾನು ಒಂದು ಬಿಳಿ ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಎಡಗಡೆ "ಒಮ್ಮೆ ಮಾತ್ರ", ಬಲಗಡೆ "ಪ್ರತಿ ವರ್ಷ" ಎಂದು ಬರೆದು ಅವರ ಮುಂದಿಟ್ಟೆ. "ಈ ಮೂರು ವರ್ಷದಾಗ ನಾವು ಕಾಲೇಜಿಗೆ ಕಟ್ಟೋ ಒಂದೊಂದು ರೂಪಾಯಿನೂ ಇದರಾಗ ಬರಿಸ್ರಿ" ಅಂದೆ. ಅವರಿಗೆ ಸ್ವಲ್ಪ ಬೇಸರವಾಯಿತು, ಆದರೂ ಹೇಳಿದರು. ಮೊಮ್ಮಗಳು ಬರೆದುಕೊಂಡಳು.

ಒಮ್ಮೆ ಮಾತ್ರ ಎಂಬ ಕಡೆ ಅರ್ಜಿ ಮತ್ತು ಮಾಹಿತಿ ಪುಸ್ತಕಕ್ಕೆ 500, ಎರಡು ಜೊತೆ ಸಮವಸ್ತ್ರಕ್ಕೆ 3,500, ಠೇವಣಿ 3,000. ಒಟ್ಟು 7,000. ಪ್ರತಿ ವರ್ಷ ಎಂಬ ಕಡೆ ಬೋಧನಾ ಶುಲ್ಕ 32,000, ಕಂಪ್ಯೂಟರ್ ಲ್ಯಾಬ್ 4,000, ಗ್ರಂಥಾಲಯ, ಕ್ರೀಡೆ, ಗುರುತಿನ ಚೀಟಿ ಸೇರಿ 1,500, "ವ್ಯಕ್ತಿತ್ವ ವಿಕಸನ ತರಬೇತಿ"ಗೆ 6,000, ಎರಡು ಸೆಮಿಸ್ಟರಿನ ಪರೀಕ್ಷಾ ಶುಲ್ಕ 3,000. ಕೂಡಿಸಿದರೆ ವರ್ಷಕ್ಕೆ 46,500. ಮೂರು ವರ್ಷಕ್ಕೆ 1,39,500. ಅದಕ್ಕೆ ಆ 7,000 ಸೇರಿಸಿದರೆ 1,46,500. ಠೇವಣಿ ತಿರುಗಿ ಬಂತು ಎಂದೇ ಹಿಡಿದರೂ 1,43,500. ಬಾಯಲ್ಲಿ ಕೇಳಿದ 96,000ಕ್ಕೂ ಹಾಳೆಯಲ್ಲಿ ಮೂಡಿದ ಮೊತ್ತಕ್ಕೂ ನಡುವೆ 47,500 ರೂಪಾಯಿ ಅಂತರ. ಹಾಸ್ಟೆಲ್ ಲೆಕ್ಕ ಇದರಲ್ಲಿ ಇನ್ನೂ ಬಂದೇ ಇಲ್ಲ.

ಗಮನಿಸಿ, ಯಾರೂ ಸುಳ್ಳು ಹೇಳಲಿಲ್ಲ. ನಾವು "ಫೀ ಎಷ್ಟು?" ಎಂದು ಕೇಳಿದೆವು, ಅವರು ಬೋಧನಾ ಶುಲ್ಕ ಹೇಳಿದರು. ಗುಪ್ತ ಶುಲ್ಕ ಎಂದು ನಾವು ಬೈಯುವುದರಲ್ಲಿ ಹೆಚ್ಚಿನದು ಹೀಗೆ ಪ್ರಶ್ನೆಯ ಸಂದಿಯಲ್ಲಿ ಅಡಗಿ ಕೂತಿರುತ್ತದೆ. ಆದ್ದರಿಂದ ಪ್ರತಿ ಸಾಲಿಗೂ ಇನ್ನೊಂದು ಪ್ರಶ್ನೆ ಹಾಕಬೇಕು: ಇದನ್ನು ಕಟ್ಟದಿದ್ದರೆ ಏನಾಗುತ್ತದೆ? ಆ ತರಬೇತಿಯ 6,000ಕ್ಕೆ ನಾನು ಹೀಗೆ ಕೇಳಿದಾಗ ಬಂದ ಉತ್ತರ, "ಕಡ್ಡಾಯ ಏನಿಲ್ರಿ, ಎಲ್ಲಾರೂ ತಗೋತಾರ." ಒಂದೇ ಪ್ರಶ್ನೆಗೆ ಮೂರು ವರ್ಷದ 18,000 ರೂಪಾಯಿ ಹಾಳೆಯಿಂದ ಇಳಿಯಿತು. ಕಾಲೇಜು ಬಸ್ಸಿಗೂ ಇದೇ ಪ್ರಶ್ನೆ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತವಾಗಿದೆ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಇದೆ. ಬಸ್ ಶುಲ್ಕ ಕಟ್ಟಲೇಬೇಕೇ, ಬೇಡವೇ ಎಂಬುದು ಹಾಳೆಯಲ್ಲೇ ಬರಲಿ.

ಹಣದ ವಿಷಯದಲ್ಲಿ ಇನ್ನೆರಡು ಮಾತು ಕೇಳಲೇಬೇಕು. ಎರಡನೇ ವರ್ಷ ಫೀ ಏರುತ್ತದೆಯೇ, ಏರಿದರೆ ಎಷ್ಟು? ವಿದ್ಯಾರ್ಥಿವೇತನ ಬರುವ ಮಕ್ಕಳಾದರೆ, ಮೊದಲು ಪೂರ್ತಿ ಕಟ್ಟಬೇಕೋ, ಹಣ ಬರುವ ತನಕ ಕಾಲೇಜು ಕಾಯುತ್ತದೋ? ವಿದ್ಯಾರ್ಥಿವೇತನ ಮಗುವಿನ ಬ್ಯಾಂಕ್ ಖಾತೆಗೆ ಬರುವುದು ತಡವಾಗಬಹುದು, ಕಾಲೇಜಿನ ಕಂತಿನ ದಿನ ಮಾತ್ರ ತಡವಾಗುವುದಿಲ್ಲ.

ಹಾಳೆಯ ಕೆಳಗೆ ಸಹಿ, ಮೊಹರು ಕೇಳಿ. ಅದನ್ನು ಕೊಡದಿದ್ದರೆ ಕಾಲೇಜಿನ ಅಚ್ಚಾದ ಶುಲ್ಕ ಪಟ್ಟಿಯನ್ನಾದರೂ ಕೇಳಿ. "ರಸೀದಿ ಇದಕ್ಕೆ ಬರಂಗಿಲ್ರಿ" ಎಂಬ ಮಾತು ಬಂದರೆ ಅಲ್ಲಿಂದ ಎದ್ದುಬಿಡುವುದೇ ಲೇಸು. ನಿಗದಿಗಿಂತ ಹೆಚ್ಚು ಹಣ, ಅಂದರೆ ಡೊನೇಷನ್, ಪಡೆಯುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1984ರಲ್ಲೇ ಕಾನೂನು ಬಂದಿದೆ. ಮಕ್ಕಳೇ, ಇದರ ಹಿಂದೆ ದೊಡ್ಡ ಮೊಕದ್ದಮೆಯೊಂದರ ಕಥೆಯೂ ಇದೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ 1991ರಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದ್ದರು. ಮೊದಲ ವರ್ಷಕ್ಕೆ 60,000 ರೂಪಾಯಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಖಾತರಿ ಬೇಕೆಂದು ಕಾಲೇಜು ಕೇಳಿತು. ಅದರ ಮೇಲೆ ನಾಲ್ಕೂವರೆ ಲಕ್ಷ ಕೇಳಿದರು ಎಂಬುದು ಅವರ ದೂರು, ಕೇಳಿಯೇ ಇಲ್ಲ ಎಂಬುದು ಕಾಲೇಜಿನ ಉತ್ತರ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪ್ರವೇಶಕ್ಕಾಗಿ ಡೊನೇಷನ್ ಪಡೆಯುವಂತಿಲ್ಲ ಎಂದು 1992ರಲ್ಲಿ ತೀರ್ಪು ಬಂತು. ಆದರೆ ನಾಲ್ಕೂವರೆ ಲಕ್ಷದ ಮಾತನ್ನು ಒಬ್ಬರು ಹೌದೆಂದರು, ಇನ್ನೊಬ್ಬರು ಇಲ್ಲವೆಂದರು. ಬಾಯಿಮಾತಿನ ಹಣದ ಪಾಡೇ ಅಷ್ಟು. ಅದಕ್ಕೇ ನನಗೆ ಈ ಹಾಳೆಯ ಹುಚ್ಚು.

ಇನ್ನು ಪಾಠ ಹೇಳುವವರ ವಿಷಯ. "ನಮ್ಮಲ್ಲಿ ಅನುಭವಿ ಪ್ರಾಧ್ಯಾಪಕರಿದ್ದಾರೆ" ಎಂಬ ಸಾಲು ಎಲ್ಲ ಮಾಹಿತಿ ಪುಸ್ತಕದಲ್ಲೂ ಇರುತ್ತದೆ. ಅದನ್ನು ಬಿಟ್ಟು, ಈಗ ನಡೆಯುತ್ತಿರುವ ಎರಡನೇ ವರ್ಷದ ವೇಳಾಪಟ್ಟಿ ತೋರಿಸಿ ಎನ್ನಿ. ಅದಕ್ಕೇ ಭಾನುವಾರ ಹೋಗಬಾರದು, ತರಗತಿ ನಡೆಯುವ ದಿನವೇ ಹೋಗಬೇಕು. ವೇಳಾಪಟ್ಟಿ ಸೂಚನಾ ಫಲಕದಲ್ಲೇ ಇರುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ಇದು ಮೊಮ್ಮಕ್ಕಳು ಮಾಡುವ ಕೆಲಸ. ನನ್ನ ಮೊಮ್ಮಗಳು ಬೆರಳಿಟ್ಟು ಎಣಿಸಿದಳು. "ಅಜ್ಜಾ, ಆರು ವಿಷಯದಾಗ ಮೂರಕ್ಕ ಒಬ್ಬರದೇ ಹೆಸರೈತಿ. ಇನ್ನೊಂದಕ್ಕ ಹೆಸರೇ ಇಲ್ಲ." ಹೆಸರಿಲ್ಲದ ಜಾಗದ ಬಗ್ಗೆ ಕೇಳಿದರೆ "ನೇಮಕ ಆಗಲಿದೆ" ಅಂದರು. ಆಗಲಿದೆ ಎಂದರೆ ಆಗಿಲ್ಲ ಎಂದೇ ಅರ್ಥ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಿಗೆ ಸ್ನಾತಕೋತ್ತರ ಪದವಿಯ ಜೊತೆ ನೆಟ್, ಕೆ-ಸೆಟ್ ಅಥವಾ ಪಿಎಚ್.ಡಿ. ಇರಬೇಕೆಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ನಿಯಮ. ಎಷ್ಟು ಜನರಿಗೆ ಅದಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹಣದ ಹೊರೆ ಬಹಳ ಕಡಿಮೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಕಳೆದ ವರ್ಷ ಈ ವಿಷಯಕ್ಕೆ ಅತಿಥಿ ಉಪನ್ಯಾಸಕರು ಯಾವ ತಿಂಗಳು ಬಂದರು? ಸೆಮಿಸ್ಟರ್ ಶುರುವಾದಾಗಲೇ ಬಂದಿದ್ದರೆ ಚಿಂತೆಯಿಲ್ಲ. ಈ ಪ್ರಶ್ನೆಗೆ ಕಚೇರಿಗಿಂತ ಕಟ್ಟೆಯ ಮೇಲೆ ಕೂತ ವಿದ್ಯಾರ್ಥಿಗಳು ಸರಿಯಾದ ಉತ್ತರ ಕೊಡುತ್ತಾರೆ. ಲ್ಯಾಬಿನ ಮಾತೂ ಅಷ್ಟೇ. ಕಂಪ್ಯೂಟರ್ ಎಷ್ಟಿವೆ ಎನ್ನಬೇಡಿ, ಎಷ್ಟು ಚಾಲೂ ಇವೆ, ಒಂದಕ್ಕೆ ಎಷ್ಟು ಮಕ್ಕಳು ಕೂರುತ್ತಾರೆ, ಕರೆಂಟು ಹೋದರೆ ಏನು ಮಾಡುತ್ತಾರೆ ಎನ್ನಿ.

ಹಾಸ್ಟೆಲಿಗೆ ಊಟದ ಹೊತ್ತಿಗೆ ಹೋಗಿ. ಕೊಪ್ಪಳದ ಗವಿಮಠದಂತೆ ಮಕ್ಕಳಿಗೆ ಉಚಿತವಾಗಿ ಪ್ರಸಾದ, ವಸತಿ ಕೊಡುವ ಜಾಗ ನಮ್ಮ ಜಿಲ್ಲೆಯ ಪುಣ್ಯ. ಸರ್ಕಾರಿ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳೂ ಇವೆ, ಮೊದಲು ಅಲ್ಲಿ ವಿಚಾರಿಸಿ. ಕಾಲೇಜಿನ ಹಾಸ್ಟೆಲ್ಲೇ ಆಗಬೇಕಾದರೆ ಅಡುಗೆ ರುಚಿಗಿಂತ ಮೊದಲು ನಿಯಮದ ಹಾಳೆ ಓದಿ. ನಾವು ನೋಡಿದ ಕಡೆ ವರ್ಷಕ್ಕೆ 55,000. ಮಕ್ಕಳು ಜನವರಿಯ ಜಾತ್ರೆಗೆ, ದೀಪಾವಳಿಗೆ ಮನೆಗೆ ಬಂದರೆ ಆ ದಿನಗಳ ಊಟದ ಹಣ ಕಡಿತವಾಗುತ್ತದೆಯೇ ಎಂದು ಕೇಳಿದೆ. ಸತತ ಹತ್ತು ದಿನ ರಜೆ ಹೋದರೆ ಮಾತ್ರ ಎಂದರು. ಜಾತ್ರೆಗೆ ಯಾವ ಮಗು ಹತ್ತು ದಿನ ಬರುತ್ತದೆ? ವರ್ಷದ ನಡುವೆ ಹಾಸ್ಟೆಲ್ ಬಿಟ್ಟರೆ ಉಳಿದ ಹಣ ಬರುತ್ತದೆಯೇ, ಬೇಸಿಗೆಯಲ್ಲಿ ನೀರು ದಿನಕ್ಕೆ ಎಷ್ಟು ಹೊತ್ತು, ಒಂದು ಬಚ್ಚಲಿಗೆ ಎಷ್ಟು ಮಕ್ಕಳು, ವಾರ್ಡನ್ ರಾತ್ರಿ ಅಲ್ಲೇ ಮಲಗುತ್ತಾರೆಯೇ ಎಂಬುದನ್ನೂ ಕೇಳಿ. ರ‍್ಯಾಗಿಂಗ್ ತಡೆಗೆ ಯಾರಿಗೆ ಫೋನ್ ಮಾಡಬೇಕೆಂಬ ಫಲಕ ಗೋಡೆಯ ಮೇಲಿದೆಯೇ ನೋಡಿ. ಇಲ್ಲದಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-180-5522 ಅನ್ನು ಮಗುವಿನ ನೋಟ್‌ಬುಕ್ಕಿನಲ್ಲಿ ಬರೆದುಕೊಡಿ.

ಅಜ್ಜ-ಅಜ್ಜಿಯರಿಗೆ ಬೇಕಾದ ಒಂದು ಮಾತು ಇಲ್ಲಿದೆ. ಭೇಟಿಗೆ ಬರುವವರ ಕಾರ್ಡಿನಲ್ಲಿ ಅಪ್ಪ, ಅಮ್ಮನ ಫೋಟೊ ಮಾತ್ರ ಇದ್ದರೆ ಉಳಿದವರನ್ನು ಗೇಟಿನಿಂದ ಒಳಗೆ ಬಿಡುವುದಿಲ್ಲ. ಕಾವಲುಗಾರನದು ತಪ್ಪಲ್ಲ, ಮಕ್ಕಳ ರಕ್ಷಣೆಗೆ ಇರುವ ಕಟ್ಟುನಿಟ್ಟು ಅದು. ಪ್ರವೇಶದ ದಿನವೇ ನಿಮ್ಮ ಫೋಟೊ ಕೂಡ ಅಂಟಿಸಿಬಿಡಿ, ಬುತ್ತಿ ಹೊತ್ತು ಹೋದವರು ಬಿಸಿಲಲ್ಲಿ ನಿಲ್ಲುವುದು ತಪ್ಪುತ್ತದೆ.

ಕೊನೆಯದು, ಹಣ ಕಟ್ಟಿದ ಮೇಲೆ ಬೇರೆ ಕಡೆ ಸೀಟು ಸಿಕ್ಕರೆ ಏನು? ಪದವಿ ಕಾಲೇಜುಗಳಿಗೆ 2018ರಲ್ಲಿ ಯುಜಿಸಿ ಮಾಡಿದ ನಿಯಮವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಉಳಿದಿರುವಾಗ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸು, ಕಚೇರಿ ಖರ್ಚೆಂದು ನೂರಕ್ಕೆ 5ರವರೆಗೆ, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ನೂರಕ್ಕೆ 90. ಕೊನೆಯ ದಿನ ಕಳೆದು 15 ದಿನದೊಳಗಾದರೆ 80, ಅಲ್ಲಿಂದ 30 ದಿನದವರೆಗೆ 50, ಆಮೇಲೆ ಏನೂ ಇಲ್ಲ. ನಮ್ಮ ಲೆಕ್ಕದ 46,500 ಕಟ್ಟಿ, ಕೊನೆಯ ದಿನಕ್ಕೆ ಒಂದು ವಾರ ಮೊದಲು ಬಿಟ್ಟರೆ 41,850 ಬರಬೇಕು. ಠೇವಣಿ ಪೂರ್ತಿ ಬರಬೇಕು. ಹಾಗಾಗಿ "ಪ್ರವೇಶದ ಕೊನೆಯ ದಿನ ಯಾವುದು?" ಎಂಬುದೂ ಹಾಳೆಯ ಮೇಲಿರಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಕಾಲೇಜಿಗೆ ಹೊರಟ ಮಕ್ಕಳಿಗೆ ಈ ನಿಯಮ ಅನ್ವಯಿಸದು. ಅಲ್ಲಿ ವಾಪಸಿನ ಷರತ್ತನ್ನು ಬರೆಸಿಕೊಂಡೇ ಹಣ ಕಟ್ಟಬೇಕು.

ಅದೇ ನಿಯಮದ ಪ್ರಕಾರ ಕಾಲೇಜು ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಪರಿಶೀಲಿಸಿ ತಿರುಗಿ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇವುಗಳ ಜೊತೆ 371(ಜೆ) ಪ್ರಮಾಣಪತ್ರವೂ ಇರುತ್ತದೆ. ಮೂಲಪತ್ರಗಳು ಒಂದು ಕಾಲೇಜಿನ ಕಪಾಟಿನಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಕಡೆಯ ಕೌನ್ಸೆಲಿಂಗಿಗೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ನಾವು ಹೋದ ಕಡೆ "ಒರಿಜಿನಲ್ ಇಟ್ಟು ಹೋಗ್ರಿ" ಅಂದಾಗ ಜೆರಾಕ್ಸ್ ಪ್ರತಿ ಕೊಟ್ಟು, ಮೂಲಪತ್ರ ತೋರಿಸಿ ಚೀಲಕ್ಕೆ ಹಾಕಿಕೊಂಡೆವು. ಅವರು ಮತ್ತೇನೂ ಅನ್ನಲಿಲ್ಲ.