ತೆಂಗಿನ ಮರ ಬಿದ್ದರೆ ತಂತಿಗೆ ತಾಗುತ್ತದೆಯೇ?

ಹಿತ್ತಲಿನ ಹಳೆಯ ತೆಂಗಿನ ಮರವನ್ನು ಕಡಿಸಬೇಕು. ಅದರ ಬುಡದಿಂದ 19 ಮೀಟರ್ ದೂರದಲ್ಲಿ ಕರೆಂಟಿನ ತಂತಿ ಹಾದುಹೋಗಿದೆ ಎಂದಿಟ್ಟುಕೊಳ್ಳಿ. ಮರ ಎಷ್ಟೆತ್ತರ ಎಂದು ಕಾಯಿ ಕೀಳುವವರನ್ನು ಕೇಳಿದರೆ ಐವತ್ತೋ ಅರವತ್ತೋ ಅಡಿ ಎನ್ನುತ್ತಾರೆ. ಆ ಐವತ್ತಕ್ಕೂ ಅರವತ್ತಕ್ಕೂ ನಡುವೆ ಮೂರು ಮೀಟರ್ ಅಂತರವಿದೆ. ತಂತಿಯ ಪಕ್ಕದಲ್ಲಿ ಅಷ್ಟು ಅಂದಾಜು ಸಾಲದು. ಮರ ಹತ್ತದೆಯೇ ಇದನ್ನು ಅಳೆಯಲು ಒಂದು ಟೇಪು, ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ಸ್ಟ್ರಾ ಮತ್ತು ಒಂದು ಮೊಳ ದಾರ ಸಾಕು.

ಕೋನಮಾಪಕದ ನೇರ ಅಂಚಿಗೆ ಸ್ಟ್ರಾ ಅಂಟಿಸಿ. ಅದರ ಕೇಂದ್ರಬಿಂದುವಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ತೂಗುಬಿಡಿ. ಕ್ಲೈನೋಮೀಟರ್ ಸಿದ್ಧ. ಸ್ಟ್ರಾ ನೆಲಕ್ಕೆ ಸಮನಾಗಿದ್ದಾಗ ದಾರ 90ರ ಮೇಲೆ ನಿಲ್ಲಬೇಕು, ನಿಲ್ಲದಿದ್ದರೆ ಸ್ಟ್ರಾ ಸೊಟ್ಟಗೆ ಅಂಟಿದೆ ಎಂದರ್ಥ. ಈಗ ಬುಡದಿಂದ 20 ಮೀಟರ್ ಅಳೆದು ನಿಂತು, ಸ್ಟ್ರಾದೊಳಗಿಂದ ಸುಳಿಯ ತುದಿಯನ್ನು ನೋಡಿ. ಗಾಳಿಗೆ ದಾರ ಓಲಾಡುವುದರಿಂದ ಅದು ನಿಂತ ಕ್ಷಣದಲ್ಲಿ ಬೆರಳಿನಿಂದ ಒತ್ತಿ ಹಿಡಿಯಬೇಕು. ಪಕ್ಕದಲ್ಲಿ ಓದಿ ಹೇಳಲು ಇನ್ನೊಬ್ಬರಿದ್ದರೆ ಇನ್ನೂ ಸಲೀಸು. ದಾರ 50ರ ಮೇಲಿದೆ ಎನ್ನಿ. 90ರಿಂದ 50 ಕಳೆದರೆ 40 ಡಿಗ್ರಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರುವ ಉನ್ನತ ಕೋನ ಇದೇ.

ಎತ್ತರವು ದೂರದ ಎಷ್ಟು ಪಾಲು ಎಂಬುದನ್ನು ಆ ಕೋನದ ಟ್ಯಾನ್ ಬೆಲೆ ಹೇಳುತ್ತದೆ. 40 ಡಿಗ್ರಿಗೆ ಅದು 0.839. 20 ಮೀಟರಿಗೆ ಗುಣಿಸಿದರೆ 16.8 ಮೀಟರ್. ಆದರೆ ನಾವು ನೋಡಿದ್ದು ನೆಲದಿಂದಲ್ಲ, ಕಣ್ಣಿನ ಮಟ್ಟದಿಂದ. ಕಣ್ಣಿನ ಎತ್ತರ 1.5 ಮೀಟರ್ ಸೇರಿಸಿದರೆ ಮರ 18.3 ಮೀಟರ್, ಅಂದರೆ ಅರವತ್ತು ಅಡಿ. ಮೊಬೈಲಿನ ಕ್ಯಾಲ್ಕುಲೇಟರ್ 40ಕ್ಕೆ ಟ್ಯಾನ್ ಬೆಲೆ ಮೈನಸ್ 1.117 ಎಂದು ತೋರಿಸಿದರೆ ಗಾಬರಿಬೀಳಬೇಡಿ, ಅದು ರೇಡಿಯನ್‌ನಲ್ಲಿದೆ. ಡಿಗ್ರಿಗೆ ಬದಲಾಯಿಸಿಕೊಳ್ಳಿ.

ಲೆಕ್ಕ ಇಷ್ಟೇ. ನಿಜವಾದ ತೊಡಕಿರುವುದು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ. ಇಂಥ ಉಪಕರಣದಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದು ಸಹಜ. 20 ಮೀಟರಿನಲ್ಲಿ ನಿಂತಾಗ ಆ ಒಂದು ಡಿಗ್ರಿ ಉತ್ತರವನ್ನು ಸುಮಾರು 60 ಸೆಂಟಿಮೀಟರ್ ಅಲುಗಿಸುತ್ತದೆ. ಮರದ ಹತ್ತಿರ, 6 ಮೀಟರಿನಲ್ಲಿ ನಿಂತು ಕತ್ತೆತ್ತಿ ನೋಡಿದರೆ ಅದೇ ಒಂದು ಡಿಗ್ರಿಗೆ ಒಂದು ಮೀಟರಿನಷ್ಟು ವ್ಯತ್ಯಾಸ. ಹಾಗೆಂದು 100 ಮೀಟರ್ ದೂರ ಹೋದರೆ ಇನ್ನೂ ಕೆಡುತ್ತದೆ, ತಪ್ಪು ಎರಡು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಕೋನ 45ರ ಆಸುಪಾಸಿನಲ್ಲಿ ಬರುವಂತೆ, ಮರದ ಎತ್ತರದಷ್ಟೇ ದೂರದಲ್ಲಿ ನಿಲ್ಲುವುದೇ ಸರಿ.

ಇದಕ್ಕಿಂತ ದೊಡ್ಡ ಮೋಸ ಮರದ ವಾಲಿನಲ್ಲಿದೆ. ಪಠ್ಯಪುಸ್ತಕದ ಮರಗಳು ಕಂಬದಂತೆ ನೆಟ್ಟಗಿರುತ್ತವೆ, ತೆಂಗು ಹಾಗಿರುವುದು ಅಪರೂಪ. ಸುಳಿ ನಿಮ್ಮ ಕಡೆಗೆ ಎರಡು ಮೀಟರ್ ವಾಲಿದ್ದರೆ ಅದು ನಿಮ್ಮಿಂದ ಇರುವುದು 18 ಮೀಟರ್ ದೂರದಲ್ಲಿ, ನೀವು ಲೆಕ್ಕಕ್ಕೆ ಹಿಡಿಯುವುದು 20. ಆಗ ಅದೇ 18.3 ಮೀಟರಿನ ಮರ 20.1 ಎಂದು ಬರುತ್ತದೆ. ಎದುರು ದಿಕ್ಕಿಗೆ ಹೋಗಿ ಅಳೆದರೆ 16.8. ಎರಡು ಕಡೆಯಿಂದ ಅಳೆದಾಗ ಇಷ್ಟು ಅಂತರ ಕಂಡರೆ ಮರ ವಾಲಿದೆಯೆಂದೇ ತಿಳಿಯಬೇಕು. ಸರಾಸರಿ ತೆಗೆದರೆ ನಿಜಕ್ಕೆ ಹತ್ತಿರ ಬರುತ್ತೀರಿ. ಅದಕ್ಕಿಂತ ಒಳ್ಳೆಯದು, ವಾಲು ಎಡಕ್ಕೋ ಬಲಕ್ಕೋ ಕಾಣುವಂತೆ ಅಡ್ಡಬದಿಯಲ್ಲಿ ನಿಲ್ಲುವುದು. ದೇವಸ್ಥಾನದ ಗೋಪುರಕ್ಕೂ ಇದೇ ಮಾತು. ಕಳಶ ಇರುವುದು ಗೋಡೆಯ ಮೇಲಲ್ಲ, ನಡುವಿನಲ್ಲಿ. ಗೋಡೆಯವರೆಗಿನ ದೂರಕ್ಕೆ ಗೋಪುರದ ಅರ್ಧ ದಪ್ಪವನ್ನು ಸೇರಿಸದೆ ಗುಣಿಸಿದರೆ ಎತ್ತರ ಕಡಿಮೆ ಬರುತ್ತದೆ.

ಮಲೆನಾಡಿನ ಇಳಿಜಾರಿನಲ್ಲಿ ಕಣ್ಣಿನ ಎತ್ತರ ಕೂಡಿಸುವ ಉಪಾಯ ನಡೆಯದು. ಅಲ್ಲಿ ತುದಿಯನ್ನೂ ಬುಡವನ್ನೂ ಬೇರೆಬೇರೆಯಾಗಿ ನೋಡಬೇಕು. ಬುಡ ಕಣ್ಣಿಗಿಂತ ಕೆಳಗಿದ್ದರೆ ಎರಡೂ ಎತ್ತರಗಳನ್ನು ಕೂಡಿಸಿ, ಮೇಲಿದ್ದರೆ ತುದಿಯದರಿಂದ ಬುಡದ್ದನ್ನು ಕಳೆಯಿರಿ. ಟೇಪನ್ನು ನೆಲಕ್ಕೆ ಹಾಸದೆ ಮಟ್ಟವಾಗಿ ಎಳೆದು ಹಿಡಿಯಬೇಕು.

ಇನ್ನು ಹಿತ್ತಲಿನ ಮರ. ಅಡ್ಡಬದಿಯಿಂದ ಅಳೆದು 18.3 ಬಂತು, ಒಂದು ಡಿಗ್ರಿಯ ತಪ್ಪಿಗೆಂದು 60 ಸೆಂಟಿಮೀಟರ್ ಸೇರಿಸಿದರೆ 18.9. ವಾಲಿದ ಕಾಂಡದ ಉದ್ದ ಅದರ ಎತ್ತರಕ್ಕಿಂತ ಹತ್ತು ಸೆಂಟಿಮೀಟರಿನಷ್ಟು ಹೆಚ್ಚು. ಅಲ್ಲಿಗೆ 19 ಆಯಿತು, ತಂತಿ ಇರುವುದೂ ಅಲ್ಲೇ. ಈ ಮರವನ್ನು ಇಡಿಯಾಗಿ ಆ ಕಡೆಗೆ ಬೀಳಿಸುವಂತಿಲ್ಲ. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ, ಮರ ಹತ್ತುವವರಿಂದ ತಲೆ ಕಡೆಯಿಂದ ತುಂಡುತುಂಡಾಗಿ ಇಳಿಸಬೇಕು.